ಫೇಲೋವರ್ ಮುಗಿದದ್ದು 53 ಸೆಕೆಂಡಿನಲ್ಲಿ, ಸಂಪರ್ಕ ಸತ್ತದ್ದು 15 ನಿಮಿಷ: ಹೋಸ್ಟಿಂಗ್ ಕಂಪನಿಗೆ ಬರೆಯುವ ಪತ್ರ ನೋಡಿ ಹೇಳಿ

ಹಾಲಿನ_ಲೆಕ್ಕ

ಹಾಸನದಲ್ಲಿ ನಮ್ಮದೊಂದು ಸಣ್ಣ ತಂಡ. ಹಾಲು ಉತ್ಪಾದಕರ ಸಹಕಾರ ಸಂಘಗಳಿಗೆ ಲೆಕ್ಕದ ತಂತ್ರಾಂಶ ಮಾಡಿಕೊಟ್ಟಿದ್ದೇವೆ. ಬೆಳಗ್ಗೆ ಸಂಘದಲ್ಲಿ ಹಾಲು ಅಳೆದು ಫ್ಯಾಟ್ ನೋಡಿದ ಕೂಡಲೇ ಆ ವಿವರ ನಮ್ಮ ಪೋಸ್ಟ್‌ಗ್ರೆಸ್‌ಗೆ ಬರುತ್ತದೆ. ಡೇಟಾಬೇಸನ್ನು ನಾವು ನಡೆಸುತ್ತಿಲ್ಲ, ಹೋಸ್ಟಿಂಗ್ ಕಂಪನಿಯೊಂದರ ಮ್ಯಾನೇಜ್ಡ್ ಸೇವೆ ತೆಗೆದುಕೊಂಡಿದ್ದೇವೆ. ಒಂದು ಪ್ರೈಮರಿ, ಒಂದು ಸ್ಟ್ಯಾಂಡ್‌ಬೈ.

ಕಳೆದ ಮಂಗಳವಾರ ಬೆಳಗ್ಗೆ 6:42ಕ್ಕೆ, ಸಂಘಗಳ ಮುಂದೆ ಕ್ಯಾನ್ ಹಿಡಿದ ಜನ ಸಾಲಾಗಿ ನಿಂತಿರುವ ಹೊತ್ತಿಗೆ, ಎಲ್ಲವೂ ನಿಂತುಹೋಯಿತು. 6:57ರವರೆಗೆ ಒಂದು ಸರ್ವರ್ ಅಲುಗಾಡಲೇ ಇಲ್ಲ. ಕಂಪನಿಯ ನಿಯಂತ್ರಣ ಫಲಕದಲ್ಲಿ ಮಾತ್ರ ‘ಸ್ವಯಂಚಾಲಿತ ಫೇಲೋವರ್ 53 ಸೆಕೆಂಡಿನಲ್ಲಿ ಪೂರ್ಣಗೊಂಡಿದೆ’ ಎಂದು ಹಸಿರು ಬಣ್ಣದಲ್ಲಿ ಬರೆದಿತ್ತು. ಅವರಿಗೆ ಕಳುಹಿಸಲು ಈ ಪತ್ರ ಬರೆದಿದ್ದೇನೆ. ಹೋಗುವುದು ಇಂಗ್ಲಿಷಿನಲ್ಲಿ, ಕರಡು ಕನ್ನಡದಲ್ಲಿದೆ:

> ಮಾನ್ಯರೇ, ಮಂಗಳವಾರ ಬೆಳಗ್ಗೆ ನಿಮ್ಮ ಡೇಟಾಬೇಸ್ 15 ನಿಮಿಷ ಸ್ಥಗಿತವಾಗಿತ್ತು. ನಮ್ಮ ಎಲ್ಲ ಸಂಪರ್ಕಗಳು ಕಡಿದುಹೋದವು. ನಿಮ್ಮ ಫಲಕ 53 ಸೆಕೆಂಡು ಎಂದು ತಪ್ಪು ಮಾಹಿತಿ ತೋರಿಸುತ್ತಿದೆ. ಇದರಿಂದ ರೈತರಿಗೆ ತೊಂದರೆಯಾಗಿದೆ. ಮೂಲ ಕಾರಣ ತಿಳಿಸಿ, ಪರಿಹಾರ ಕೊಡಿ.

ಇದು ಸಾಕೇ? ಇನ್ನೇನು ಸೇರಿಸಬೇಕು?

ಕರಾರು_ಓದುವವ

ಇಂಥದೇ ಒಂದು ಕಂಪನಿಯ ಸಹಾಯ ವಿಭಾಗದಲ್ಲಿ ಕೆಲವು ವರ್ಷ ಕೆಲಸ ಮಾಡಿದ್ದೇನೆ. ಈ ಪತ್ರ ನನ್ನ ಮೇಜಿಗೆ ಬಂದಿದ್ದರೆ ನಾನು ಸಿದ್ಧ ಉತ್ತರವೊಂದನ್ನು ಅಂಟಿಸಿ ಮುಚ್ಚುತ್ತಿದ್ದೆ. ಅದು ಸೋಮಾರಿತನದಿಂದಲ್ಲ. ಮೊದಲ ಸಾಲಿನಲ್ಲಿ ಕೂತವರಿಗೆ ಆ ಡೇಟಾಬೇಸಿನ ಒಳಗಿನ ಲಾಗ್ ಕಾಣುವುದಿಲ್ಲ. ಅದು ಕಾಣುವ ಎಂಜಿನಿಯರಿಗೆ ದೂರನ್ನು ದಾಟಿಸಬೇಕಾದರೆ ಅದರಲ್ಲಿ ಅವರೊಬ್ಬರೇ ಉತ್ತರಿಸಬಲ್ಲ ಪ್ರಶ್ನೆ ಇರಬೇಕು. ‘ಮೂಲ ಕಾರಣ ತಿಳಿಸಿ’ ಎಂಬುದಕ್ಕೆ ‘ಹಾರ್ಡ್‌ವೇರ್ ದೋಷ’ ಎಂದು ಯಾರು ಬೇಕಾದರೂ ಬರೆಯಬಹುದು.

ಸಮಯವನ್ನು ಯುಟಿಸಿಯಲ್ಲಿ ಬರೆಯಿರಿ. ಅವರ ಲಾಗ್‌ಗಳೆಲ್ಲ ಅದರಲ್ಲೇ ಇರುತ್ತವೆ. ನಿಮ್ಮ 6:42 ಎಂದರೆ ಅವರಿಗೆ 01:12. ನೀವು ಬರೀ 6:42 ಎಂದರೆ ಅವರು ಮಧ್ಯಾಹ್ನ 12:12ರ ಲಾಗ್ ತೆಗೆದು ‘ಏನೂ ಆಗಿಲ್ಲವಲ್ಲ’ ಎನ್ನುತ್ತಾರೆ. ಇಂಥ ಉತ್ತರ ನಮ್ಮಲ್ಲಿಂದಲೇ ಹೋದದ್ದುಂಟು.

ಪರಿಹಾರದ ಮಾತು ಬಿಡಿ. ನಿಮ್ಮ ಕರಾರಿನಲ್ಲಿ ತಿಂಗಳಿಗೆ 99.95 ಶೇಕಡಾ ಎಂದಿದ್ದರೆ 30 ದಿನದ ತಿಂಗಳಲ್ಲಿ 21.6 ನಿಮಿಷ ನಿಂತರೂ ಅವರು ಮಾತು ಮುರಿದಂತಾಗುವುದಿಲ್ಲ. ಹಣ ಕೇಳಿದ ಕೂಡಲೇ ದೂರು ಲೆಕ್ಕಪತ್ರ ವಿಭಾಗಕ್ಕೆ ಹೋಗುತ್ತದೆ, ಎಂಜಿನಿಯರ್ ಅದನ್ನು ನೋಡುವುದೇ ಇಲ್ಲ.

ಶಾಲೆ_ಸರ್ವರ್

ನಮ್ಮ ಶಾಲೆಯ ಜಾಲತಾಣದಲ್ಲೂ ಇದೇ ಕಥೆ. ಫಲಿತಾಂಶ ಪ್ರಕಟಿಸಿದ ದಿನ ಮೈಎಸ್‌ಕ್ಯುಎಲ್ `Too many connections` ಎಂದು ಹೇಳಿ ನಿಂತುಬಿಡುತ್ತದೆ. ಹೋಸ್ಟಿಂಗಿನವರಿಗೆ ಹೇಳಿ `max_connections` ಹೆಚ್ಚಿಸಿಕೊಂಡೆವು, ಸರಿಹೋಯಿತು. ನೀವೂ ಅದನ್ನೇ ಕೇಳಿ ನೋಡಿ ಸರ್.

ಕೃಷ್ಣವೇಣಿ_ಡಿಬಿಎ

ಶಾಲೆಯ ಸರ್, ನಿಮ್ಮದು ಬೇರೆ ರೋಗ. ನಿಮ್ಮಲ್ಲಿ ಸರ್ವರ್ ಬದುಕಿದ್ದು, ಬಾಗಿಲಲ್ಲೇ ಬೇಡ ಎನ್ನುತ್ತಿತ್ತು. ಇಲ್ಲಿ ಬಾಗಿಲಲ್ಲಿ ಯಾರೂ ಇರಲಿಲ್ಲ.

ಹಾಲಿನ ಲೆಕ್ಕದವರೇ, ಪತ್ರಕ್ಕೆ ಮೊದಲು ಮೂರು ಸಂಗತಿ ಬೇಕು. 6:57ಕ್ಕೆ ಬಂದ ದೋಷದ ಸಾಲು ಅಕ್ಷರಶಃ ಏನಿತ್ತು? ಎಲ್ಲ ಸರ್ವರ್‌ಗಳೂ 15 ನಿಮಿಷ ನಿಂತಿದ್ದವೇ? ಆ ಹೊತ್ತಿನಲ್ಲಿ ಯಾರಾದರೂ `ss` ಓಡಿಸಿ ನೋಡಿದ್ದರೇ?

ಹಾಲಿನ_ಲೆಕ್ಕ

ಮೇಡಂ, ನಮ್ಮವು ಎರಡು ಆ್ಯಪ್ ಸರ್ವರ್, ಪೈಥಾನ್. ಎರಡೂ 6:42:13ಕ್ಕೆ ನಿಂತವು. ಎರಡನೆಯದನ್ನು ನಮ್ಮ ಹುಡುಗ 6:46ಕ್ಕೆ ಮರುಚಾಲನೆ ಮಾಡಿದ, ಅದು ತಕ್ಷಣ ಕೆಲಸ ಮಾಡಿತು. ಮೊದಲನೆಯದನ್ನು ಮುಟ್ಟಲಿಲ್ಲ. ಅದರಲ್ಲಿ 6:57:38ರಿಂದ ಸುಮಾರು ಹತ್ತು ಸೆಕೆಂಡಿನೊಳಗೆ ಎಲ್ಲ ವರ್ಕರ್‌ಗಳಲ್ಲೂ ಇದೇ ಸಾಲು ಬಂತು:

```
SSL SYSCALL error: Connection timed out
```

6:48ಕ್ಕೆ ಅದೇ ಸರ್ವರಿನಲ್ಲಿ ಅವನು ತೆಗೆದಿಟ್ಟದ್ದು ಇದು. ಇಂಥವು ಹನ್ನೆರಡು ಸಾಲು ಇದ್ದವು:

```
ESTAB 0 412 10.20.1.14:48122 10.20.8.5:5432 timer:(on,1min12sec,11)
```

ತುಂಗಾತೀರ

ಕೀಪ್‌ಅಲೈವ್ ಇಲ್ಲದ್ದೇ ಕಾರಣ. ಲಿನಕ್ಸಿನಲ್ಲಿ ಅದರ ಮೊದಲ ತಪಾಸಣೆ 7200 ಸೆಕೆಂಡಿಗೆ, ಅಂದರೆ ಎರಡು ಗಂಟೆಗೆ. ಅದನ್ನು 30 ಸೆಕೆಂಡಿಗೆ ಇಳಿಸಿ, ಮುಗಿಯಿತು. ಇನ್ನೊಂದು: ಕೋಷ್ಟಕದ ಐಡಿಗಳು ಫೇಲೋವರ್ ಆದ ಜಾಗದಲ್ಲಿ ಹಾರಿವೆಯೇ ನೋಡಿ. ನಮ್ಮಲ್ಲೊಮ್ಮೆ ಹೀಗಾದಾಗ 26 ಐಡಿ ಕಾಣೆಯಾಗಿದ್ದವು, ಅಷ್ಟು ದಾಖಲೆ ಹೋಯಿತು ಎಂದು ಕಂಪನಿಯನ್ನು ಹಿಡಿದುಕೊಂಡೆವು. ನೀವೂ ಅದನ್ನು ಪತ್ರದಲ್ಲಿ ಹಾಕಿ.

ಕೃಷ್ಣವೇಣಿ_ಡಿಬಿಎ

ಆ ಒಂದು `ss` ಸಾಲು ಇಡೀ ಕಥೆ ಹೇಳುತ್ತದೆ. ತೆಗೆದಿಟ್ಟ ಹುಡುಗನಿಗೆ ನನ್ನ ನಮಸ್ಕಾರ ತಿಳಿಸಿ.

412 ಎಂಬುದು ನೀವು ಕಳುಹಿಸಿದ, ಆದರೆ ಆ ಕಡೆಯಿಂದ ‘ತಲುಪಿತು’ ಎಂಬ ಮಾತು ಬಾರದ ಬೈಟುಗಳು. ಕೊನೆಯ 11 ಎಂದರೆ ಕರ್ನಲ್ ಅದನ್ನು ಹನ್ನೊಂದು ಸಲ ಮತ್ತೆ ಕಳುಹಿಸಿದೆ. ಲಿನಕ್ಸ್ ಹೀಗೆ ಕಾಯುವ ಅವಧಿಯನ್ನು ಪ್ರತಿ ಸಲವೂ ದುಪ್ಪಟ್ಟು ಮಾಡುತ್ತ, 120 ಸೆಕೆಂಡಿಗೆ ತಲುಪಿದ ಮೇಲೆ ಅಲ್ಲೇ ನಿಲ್ಲಿಸುತ್ತದೆ. `tcp_retries2` ತನ್ನ ಮೂಲ ಬೆಲೆ 15ರಲ್ಲೇ ಇದ್ದರೆ ಕೈಬಿಡುವುದಕ್ಕೆ ಕಡಿಮೆಯೆಂದರೂ 924.6 ಸೆಕೆಂಡು ಬೇಕು. ನಿಮ್ಮ 6:42:13ಕ್ಕೆ ಅದನ್ನು ಕೂಡಿಸಿ. 6:57:38 ಬರುತ್ತದೆ.

ಹಾಗಾಗಿ ‘ನಿಮ್ಮ ಡೇಟಾಬೇಸ್ 15 ನಿಮಿಷ ಸ್ಥಗಿತ’ ಎಂಬ ವಾಕ್ಯವನ್ನು ತೆಗೆಯಿರಿ. ಮರುಚಾಲನೆಯಾದ ಸರ್ವರ್ 6:46ಕ್ಕೇ ಹೊಸ ಪ್ರೈಮರಿಯೊಂದಿಗೆ ಮಾತಾಡಿದೆ. ಅವರ 53 ಸೆಕೆಂಡು ಸುಳ್ಳಿರಲಿಕ್ಕಿಲ್ಲ. ಉಳಿದ ಹೊತ್ತು ನಿಮ್ಮ ಕರ್ನಲ್ ಹಳೆಯ ವಿಳಾಸಕ್ಕೆ ಪ್ಯಾಕೆಟ್ ಕಳುಹಿಸುತ್ತ ಕೂತಿತ್ತು. ಆ ವಾಕ್ಯ ಪತ್ರದಲ್ಲಿದ್ದರೆ ಅವರು ಅದೊಂದನ್ನೇ ಅಲ್ಲಗಳೆದು ಮಿಕ್ಕದ್ದನ್ನು ಓದದೆ ಬಿಡುತ್ತಾರೆ.

ತುಂಗಾತೀರ ಅವರೇ, ಕೀಪ್‌ಅಲೈವ್ ಬೇಕು, ಆದರೆ ಈ ಸ್ಥಿತಿಗೆ ಅದು ಮದ್ದಲ್ಲ. ಕಳುಹಿಸಿದ್ದೆಲ್ಲ ತಲುಪಿ, ಸಂಪರ್ಕ ಸುಮ್ಮನಿದ್ದಾಗ ಮಾತ್ರ ಅದು ಕೆಲಸ ಮಾಡುತ್ತದೆ. ತಲುಪದ ಬೈಟು ಬಾಕಿಯಿದ್ದರೆ ಮರುರವಾನೆಯ ಗಡಿಯಾರವೇ ನಡೆಯುತ್ತದೆ, ಕೀಪ್‌ಅಲೈವ್ ಬದಿಗೆ ಸರಿಯುತ್ತದೆ. ಅದಕ್ಕೆ ಬೇಕಾದದ್ದು `tcp_user_timeout`. ಪೋಸ್ಟ್‌ಗ್ರೆಸ್ 12ರಿಂದ ಲಿಬ್‌ಪಿಕ್ಯೂ ಸಂಪರ್ಕದ ಸಾಲಿನಲ್ಲೇ ಕೊಡಬಹುದು, ಬೆಲೆ ಮಿಲಿಸೆಕೆಂಡಿನಲ್ಲಿ:

```
connect_timeout=5 tcp_user_timeout=20000
keepalives_idle=30 keepalives_interval=10 keepalives_count=3
target_session_attrs=read-write
```

ಐಡಿ ಹಾರಿದ್ದರ ಬಗ್ಗೆ: ಪೋಸ್ಟ್‌ಗ್ರೆಸ್‌ನ ಸೀಕ್ವೆನ್ಸ್ ಪ್ರತಿ ಸಂಖ್ಯೆಗೂ ಲಾಗ್ ಬರೆಯದೆ 32 ಸಂಖ್ಯೆಗಳನ್ನು ಮುಂಗಡವಾಗಿ ಬರೆದಿಡುತ್ತದೆ. ಸರ್ವರ್ ಬಿದ್ದು ಎದ್ದರೆ, ಅಥವಾ ಸ್ಟ್ಯಾಂಡ್‌ಬೈ ಬಡ್ತಿ ಪಡೆದರೆ, ಬಳಸದೆ ಉಳಿದವು ಹಾರಿಹೋಗುತ್ತವೆ. ನಿಮ್ಮ 26 ಅದೇ ಇರಬಹುದು. ಒಂದು ದಾಖಲೆಯೂ ಹೋಗದೆಯೇ ಅಷ್ಟು ಅಂತರ ಬೀಳುತ್ತದೆ.

ತುಂಗಾತೀರ

ಸೀಕ್ವೆನ್ಸಿನ ವಿಷಯ ನನಗೆ ಹೊಸದು. ಆದರೂ ನಮ್ಮಲ್ಲಿ ದಾಖಲೆ ಹೋಗಲೇ ಇಲ್ಲ ಎಂದು ಹೇಗೆ ಹೇಳುತ್ತೀರಿ?

ಕೃಷ್ಣವೇಣಿ_ಡಿಬಿಎ

ಹೇಳುವುದಿಲ್ಲ. ಐಡಿ ಅದಕ್ಕೆ ಸಾಕ್ಷಿಯಲ್ಲ, ಅಷ್ಟೇ. ಸಾಕ್ಷಿ ಡೇಟಾಬೇಸಿನ ಹೊರಗಿರಬೇಕು. ಹಾಲಿನ ಲೆಕ್ಕದವರೇ, ಸಂಘದ ಯಂತ್ರ ಚೀಟಿ ಮುದ್ರಿಸುವುದು ಯಾವಾಗ? ನಿಮ್ಮಿಂದ ‘ಉಳಿಸಲಾಗಿದೆ’ ಎಂಬ ಉತ್ತರ ಬಂದ ಮೇಲೋ, ಮೊದಲೋ?

ಹಾಲಿನ_ಲೆಕ್ಕ

ಉತ್ತರ ಬಂದ ಮೇಲೆ. ಉತ್ತರ ಬಾರದಿದ್ದರೆ ಯಂತ್ರ ಆ ವಿವರವನ್ನು ತನ್ನಲ್ಲೇ ಇಟ್ಟುಕೊಂಡು ಆಮೇಲೆ ಮತ್ತೆ ಕಳುಹಿಸುತ್ತದೆ. ಚೀಟಿ ಸಂಖ್ಯೆ ಯಂತ್ರದ್ದೇ, ಎರಡು ಸಲ ಬಂದರೂ ಒಂದೇ ದಾಖಲೆಯಾಗುತ್ತದೆ.

ಕೃಷ್ಣವೇಣಿ_ಡಿಬಿಎ

ಬಹಳ ಒಳ್ಳೆಯ ಏರ್ಪಾಡು. ಹಾಗಾದರೆ 6:42ರ ನಂತರ ಸಿಕ್ಕಿಬಿದ್ದವು ಸುರಕ್ಷಿತ, ಅವು ಮತ್ತೆ ಬಂದಿರುತ್ತವೆ. ನನಗೆ ಭಯವಿರುವುದು ಯಶಸ್ವಿಯಾದವುಗಳ ಮೇಲೆ. 6:42:13ಕ್ಕೆ ಮುಂಚಿನ ಒಂದೆರಡು ಸೆಕೆಂಡಿನಲ್ಲಿ ಹಳೆಯ ಪ್ರೈಮರಿ ‘ಕಮಿಟ್ ಆಯಿತು’ ಎಂದು ಹೇಳಿ, ಅದು ಸ್ಟ್ಯಾಂಡ್‌ಬೈಗೆ ತಲುಪುವ ಮೊದಲೇ ಸತ್ತಿದ್ದರೆ, ಯಂತ್ರ ಚೀಟಿ ಮುದ್ರಿಸಿ ಮರೆತಿರುತ್ತದೆ. ಅದು ಮತ್ತೆ ಬರುವುದಿಲ್ಲ. 6:42:00ರಿಂದ 6:42:13ರವರೆಗೆ ನಿಮ್ಮ ಆ್ಯಪ್ ಲಾಗಿನಲ್ಲಿ ‘ಉಳಿಸಲಾಗಿದೆ’ ಎಂದಿರುವ ಚೀಟಿ ಸಂಖ್ಯೆಗಳನ್ನು ಈಗಿನ ಕೋಷ್ಟಕದಲ್ಲಿ ಹುಡುಕಿ.

ಜೊತೆಗೆ ಇವೆರಡನ್ನೂ ಓಡಿಸಿ:

```
SELECT substr(pg_walfile_name(pg_current_wal_lsn()), 1, 8);
SHOW synchronous_standby_names;
```

ಹಾಲಿನ_ಲೆಕ್ಕ

ನೋಡಿದೆ. ನಾಲ್ಕು ಚೀಟಿಗಳು ಕೋಷ್ಟಕದಲ್ಲಿ ಇಲ್ಲ. ನಾಲ್ಕೂ 6:42:12ರವು, ಲಾಗಿನಲ್ಲಿ ‘ಉಳಿಸಲಾಗಿದೆ’ ಎಂದೇ ಇದೆ. ಒಂದು ಸಂಘದ ಕಾರ್ಯದರ್ಶಿಗೆ ಫೋನ್ ಮಾಡಿದೆ. ಚೀಟಿ ಮುದ್ರಣವಾಗಿದೆ, ರೈತರ ಕೈಯಲ್ಲಿದೆ: 6.4 ಲೀಟರ್, ಫ್ಯಾಟ್ 4.1. ನಮ್ಮಲ್ಲಿ ಆ ಹಾಲು ಬಂದೇ ಇಲ್ಲ.

ಮೊದಲ ಪ್ರಶ್ನೆಗೆ ಉತ್ತರ `00000003`. ಎರಡನೆಯದಕ್ಕೆ ಖಾಲಿ ಬಂತು.

ಕೃಷ್ಣವೇಣಿ_ಡಿಬಿಎ

ಈಗ ನಿಮ್ಮ ಪತ್ರಕ್ಕೆ ವಿಷಯ ಸಿಕ್ಕಿತು. 15 ನಿಮಿಷವೂ ಅಲ್ಲ, 53 ಸೆಕೆಂಡೂ ಅಲ್ಲ, ಆ ನಾಲ್ಕು ಚೀಟಿಗಳು.

`synchronous_standby_names` ಖಾಲಿ ಎಂದರೆ ಪ್ರೈಮರಿ ಸ್ಟ್ಯಾಂಡ್‌ಬೈಗಾಗಿ ಕಾಯದೆ ಕಮಿಟ್ ಒಪ್ಪುತ್ತಿದೆ. ಆದರೆ ಇದು ಈ ಹೊತ್ತಿನ ಸ್ಥಿತಿ. ಫೇಲೋವರ್ ಆದ ಮೇಲೆ ಹೊಸ ಸ್ಟ್ಯಾಂಡ್‌ಬೈ ಇನ್ನೂ ಸಿದ್ಧವಾಗಿರದಿದ್ದರೆ ಅವರೇ ಖಾಲಿ ಮಾಡಿರಬಹುದು. ಮಂಗಳವಾರ ಏನಿತ್ತು ಎಂಬುದು ಅವರಿಗೆ ಮಾತ್ರ ಗೊತ್ತು. ಕೇಳಲೇಬೇಕಾದ ಪ್ರಶ್ನೆ ಅದು.

`00000003` ಟೈಮ್‌ಲೈನ್ ಸಂಖ್ಯೆ. ಹೊಸ ಡೇಟಾಬೇಸ್ 1ರಿಂದ ಶುರುವಾಗುತ್ತದೆ, ಸ್ಟ್ಯಾಂಡ್‌ಬೈ ಬಡ್ತಿ ಪಡೆದಾಗಲೆಲ್ಲ ಒಂದು ಏರುತ್ತದೆ, ಬರೀ ಮರುಚಾಲನೆಗೆ ಏರುವುದಿಲ್ಲ. ಡಿಸ್ಕಿನ ಮಟ್ಟದಲ್ಲಿ ನಕಲು ಮಾಡುವ ಕಂಪನಿಗಳಲ್ಲಿ ಇದು ಬದಲಾಗುವುದೇ ಇಲ್ಲ. ನಿಮ್ಮದರಲ್ಲಿ ಬದಲಾಗಿದೆ, ಆದ್ದರಿಂದ ಲಾಗ್ ಹರಿಸುವ ಬಗೆಯ ಸ್ಟ್ಯಾಂಡ್‌ಬೈ ಇದ್ದಿರಬೇಕು. ಒಂದೇ ಫೇಲೋವರ್ ಆಗಿದ್ದರೆ 2 ಇರಬೇಕಿತ್ತು. ಇನ್ನೊಂದು ಯಾವಾಗ ಆಯಿತು? ಬ್ಯಾಕಪ್‌ನಿಂದ ಮರುಸ್ಥಾಪಿಸಿದರೂ ಏರುತ್ತದೆ, ಹಾಗಾಗಿ ಆರೋಪ ಬೇಡ, ಪ್ರಶ್ನೆ ಮಾತ್ರ.

ಇನ್ನೊಂದು ವಿಚಾರ ನನ್ನನ್ನು ಕಾಡುತ್ತಿದೆ. ಪೋಸ್ಟ್‌ಗ್ರೆಸ್ ಪ್ರಕ್ರಿಯೆ ಮಾತ್ರ ಸತ್ತು ಯಂತ್ರ ಬದುಕಿದ್ದರೆ ನಿಮಗೆ ಕ್ಷಣದಲ್ಲೇ `server closed the connection unexpectedly` ಬರುತ್ತಿತ್ತು. ಯೋಜಿತ ಕೆಲಸವಾಗಿದ್ದರೆ `terminating connection due to administrator command` ಬರುತ್ತಿತ್ತು. ನಿಮಗೆ ಯಾವುದೂ ಬರಲಿಲ್ಲ, ಬರೀ ಮೌನ. ಎಂದರೆ ಯಂತ್ರವೇ ಸತ್ತಿದೆ, ಇಲ್ಲವೇ ಬದುಕಿದ್ದು ಜಾಲದಿಂದ ಕಡಿದುಹೋಗಿದೆ. ಎರಡನೆಯದಾದರೆ ಅದು ಬಡ್ತಿಯ ನಂತರವೂ ಬೇರೆ ಯಾರದೋ ಬರಹವನ್ನು ಒಪ್ಪುತ್ತಿತ್ತೇ? ಅದನ್ನು ತಡೆಯಲು ಅವರು ಏನು ಮಾಡಿದರು?

ಕರಾರು_ಓದುವವ

ಮೇಡಂ ಹೇಳಿದ್ದಕ್ಕೆ ಸಾರ್ವಜನಿಕವಾಗಿ ದಾಖಲಾದ ಒಂದು ಉದಾಹರಣೆ ಇದೆ. 2018ರ ಅಕ್ಟೋಬರ್ 21ರಂದು ಗಿಟ್‌ಹಬ್‌ನಲ್ಲಿ ಎರಡು ಕೇಂದ್ರಗಳ ನಡುವಿನ ಸಂಪರ್ಕ 43 ಸೆಕೆಂಡು ಕಡಿದುಹೋಗಿತ್ತು. ಅಷ್ಟರಲ್ಲಿ ಅವರ ಮೈಎಸ್‌ಕ್ಯುಎಲ್ ಪ್ರೈಮರಿ ಅಮೆರಿಕದ ಇನ್ನೊಂದು ಕರಾವಳಿಗೆ ದಾಟಿತು, ಎರಡೂ ಕಡೆ ಬೇರೆ ಬೇರೆ ಬರಹಗಳು ಉಳಿದವು. ಸೇವೆ ಸರಿಹೋಗಲು 24 ಗಂಟೆ 11 ನಿಮಿಷ ಹಿಡಿಯಿತು. ಅವರು ಪ್ರಕಟಿಸಿದ ವರದಿಯಲ್ಲಿ ಏನು ಕಡಿಯಿತು, ಯಾವ ತಂತ್ರಾಂಶ ಏನು ನಿರ್ಧರಿಸಿತು, ಯಾವ ಬರಹ ದಾಟಲಿಲ್ಲ ಎಂಬುದೆಲ್ಲ ಹೊತ್ತಿನ ಸಮೇತ ಇತ್ತು. ಮೂಲ ಕಾರಣ ಎಂದರೆ ನೀವು ಬಯಸುವುದು ಆ ಬಗೆಯ ಉತ್ತರ ಎಂದು ಸ್ಪಷ್ಟವಾಗಿ ಬರೆಯಿರಿ.

ಹಳೆಯ ಪ್ರೈಮರಿಯ ಡಿಸ್ಕನ್ನು ಅಳಿಸಬೇಡಿ ಎಂದು ಮೊದಲ ಸಾಲಿನಲ್ಲೇ ಹೇಳಿ. ಸ್ವಯಂಚಾಲಿತ ವ್ಯವಸ್ಥೆ ಅದನ್ನು ಹೊಸ ಸ್ಟ್ಯಾಂಡ್‌ಬೈ ಮಾಡಲು ಒರೆಸಿಬಿಡುತ್ತದೆ. ನಾಲ್ಕು ದಾಖಲೆಗಳು ಎಲ್ಲಾದರೂ ಉಳಿದಿದ್ದರೆ ಅಲ್ಲೇ.

ಹಾಲಿನ_ಲೆಕ್ಕ

ಹೊಸ ಪತ್ರ ಹೀಗಿದೆ. ಈಗಲೇ ಕಳುಹಿಸುತ್ತಿದ್ದೇನೆ, ಡಿಸ್ಕಿನ ವಿಷಯ ಕಾಯುವಂಥದ್ದಲ್ಲ.

> ಮಾನ್ಯರೇ,
>
> ಮೊದಲ ಕೋರಿಕೆ: ಹಳೆಯ ಪ್ರೈಮರಿಯ (10.20.8.5) ಡಿಸ್ಕ್ ಹಾಗೂ ಅದರ ಪೋಸ್ಟ್‌ಗ್ರೆಸ್ ಲಾಗ್ ಇನ್ನೂ ಇದ್ದರೆ ಅಳಿಸದೆ ಇಟ್ಟುಕೊಳ್ಳಿ.
>
> ಮಂಗಳವಾರ 01:12:13 ಯುಟಿಸಿಗೆ ನಮ್ಮ ಎರಡೂ ಸರ್ವರ್‌ಗಳಿಗೆ ಈ ಪ್ರೈಮರಿಯಿಂದ ಉತ್ತರ ನಿಂತಿತು. ಸಂಪರ್ಕ ಮುಚ್ಚಿದ ಸೂಚನೆಯಾಗಲಿ ದೋಷ ಸಂದೇಶವಾಗಲಿ ಬರಲಿಲ್ಲ. 53 ಸೆಕೆಂಡಿನಲ್ಲಿ ಫೇಲೋವರ್ ಮುಗಿಯಿತೆಂದು ನಿಮ್ಮ ಫಲಕ ಹೇಳುತ್ತದೆ, ಅದನ್ನು ನಾವು ಪ್ರಶ್ನಿಸುತ್ತಿಲ್ಲ. ನಮ್ಮ ಒಂದು ಸರ್ವರ್ 01:27:38ರವರೆಗೆ ಸಿಕ್ಕಿಕೊಂಡದ್ದು ನಮ್ಮ ಕಡೆಯ ಟಿಸಿಪಿ ಹೊಂದಿಕೆಯಿಂದ, ಅದನ್ನು ನಾವು ಸರಿಪಡಿಸುತ್ತಿದ್ದೇವೆ.
>
> ನಮ್ಮ ದೂರು ಇದು: 01:12:12ಕ್ಕೆ ನಿಮ್ಮ ಪ್ರೈಮರಿ ಕಮಿಟ್ ಆಯಿತೆಂದು ಒಪ್ಪಿದ ನಾಲ್ಕು ದಾಖಲೆಗಳು ಹೊಸ ಪ್ರೈಮರಿಯಲ್ಲಿ ಇಲ್ಲ. ಚೀಟಿ ಸಂಖ್ಯೆ ಹಾಗೂ ನಮ್ಮ ಲಾಗ್ ಲಗತ್ತಿಸಿದ್ದೇವೆ. ಪ್ರತಿಯೊಂದಕ್ಕೂ ಕಾಗದದ ಚೀಟಿ ಇದೆ.
>
> ದಯವಿಟ್ಟು ಇವಕ್ಕೆ ಒಂದೊಂದಾಗಿ ಉತ್ತರಿಸಿ.
>
> 1. ಹಳೆಯ ಪ್ರೈಮರಿಯ ಯಂತ್ರವೇ ನಿಂತಿತೇ, ಅಥವಾ ಓಡುತ್ತಿದ್ದು ಜಾಲದಿಂದ ಬೇರ್ಪಟ್ಟಿತೇ? ಹಾಗಾಗಲು ಕಾರಣವೇನು?
>
> 2. 01:12:12ಕ್ಕೆ ರೆಪ್ಲಿಕೇಶನ್ ಸಿಂಕ್ರೊನಸ್ ಆಗಿತ್ತೇ? ಆಗಿದ್ದರೆ ಒಪ್ಪಿದ ಕಮಿಟ್ ಹೇಗೆ ಕಳೆದುಹೋಯಿತು? ಇಲ್ಲವಾಗಿದ್ದರೆ, ಬಡ್ತಿಯ ಕ್ಷಣದಲ್ಲಿ ಸ್ಟ್ಯಾಂಡ್‌ಬೈ ಎಲ್ಲಿಯವರೆಗೆ ಲಾಗ್ ಪಡೆದಿತ್ತು?
>
> 3. ಬಡ್ತಿಯ ನಂತರ ಹಳೆಯ ಪ್ರೈಮರಿ ಬರಹ ಒಪ್ಪದಂತೆ ಯಾವ ಕ್ರಮದಿಂದ, ಎಷ್ಟು ಹೊತ್ತಿಗೆ ತಡೆಯಲಾಯಿತು?
>
> 4. ಟೈಮ್‌ಲೈನ್ ಈಗ 3 ಇದೆ. ಮಂಗಳವಾರದ್ದನ್ನು ಬಿಟ್ಟು ಇನ್ನೊಂದು ಏರಿಕೆ ಯಾವಾಗ, ಏಕೆ ಆಯಿತು?

ಕೃಷ್ಣವೇಣಿ_ಡಿಬಿಎ

ಚೆನ್ನಾಗಿದೆ, ಕಳುಹಿಸಿ. 53 ಸೆಕೆಂಡನ್ನು ಪ್ರಶ್ನಿಸುತ್ತಿಲ್ಲ ಎಂದದ್ದರಿಂದ ಪತ್ರದ ತೂಕ ಹೆಚ್ಚಿದೆ.

ಹಾಲಿನ_ಲೆಕ್ಕ

ಉತ್ತರ ಬಂತು. ‘ಆತಿಥೇಯ ಯಂತ್ರದ ಆರೋಗ್ಯ ತಪಾಸಣೆ ವಿಫಲವಾದ್ದರಿಂದ ಸ್ವಯಂಚಾಲಿತ ಫೇಲೋವರ್ ನಿಗದಿಯಂತೆ ನಡೆದಿದೆ. ನಿಮ್ಮ ಯೋಜನೆಯಲ್ಲಿ ರೆಪ್ಲಿಕೇಶನ್ ಅಸಿಂಕ್ರೊನಸ್ ಆಗಿರುತ್ತದೆ. ಹಳೆಯ ಡಿಸ್ಕನ್ನು ತಡೆಹಿಡಿದಿದ್ದೇವೆ, ಎಂಜಿನಿಯರಿಂಗ್ ತಂಡ ಪರಿಶೀಲಿಸುತ್ತಿದೆ.’ ಮೂರು ಮತ್ತು ನಾಲ್ಕನೆಯ ಪ್ರಶ್ನೆಗಳ ಮಾತೇ ಇಲ್ಲ.

ತುಂಗಾತೀರ

ಮೂಲ ಕಾರಣ ಕೊಟ್ಟರಲ್ಲ. ಆರೋಗ್ಯ ತಪಾಸಣೆ ವಿಫಲವಾಯಿತು, ಯಂತ್ರ ಕೆಟ್ಟಿತ್ತು. ಅಸಿಂಕ್ರೊನಸ್ ಎಂದೂ ಒಪ್ಪಿಕೊಂಡರು. ಇನ್ನೇನು ಬೇಕು?

ಕೃಷ್ಣವೇಣಿ_ಡಿಬಿಎ

ತಪಾಸಣೆ ವಿಫಲವಾಗಿದ್ದು ಫೇಲೋವರ್ ಶುರುವಾದದ್ದಕ್ಕೆ ಕಾರಣ. ತಪಾಸಣೆ ಏಕೆ ವಿಫಲವಾಯಿತು ಎಂಬುದು ನಮ್ಮ ಪ್ರಶ್ನೆ. ಜಾಲ ಕಡಿದರೂ ತಪಾಸಣೆ ವಿಫಲವಾಗುತ್ತದೆ, ಯಂತ್ರ ಸತ್ತರೂ ಆಗುತ್ತದೆ. ಮೂರನೆಯ ಪ್ರಶ್ನೆಗೆ ಉತ್ತರವಿಲ್ಲದೆ ಯಾವುದೆಂದು ತಿಳಿಯುವುದಿಲ್ಲ.

ಎರಡನೆಯದಕ್ಕೆ ಮಾತ್ರ ನೇರ ಉತ್ತರ ಕೊಟ್ಟಿದ್ದಾರೆ, ಅದನ್ನು ಒಪ್ಪಬೇಕು. ಅಸಿಂಕ್ರೊನಸ್ ಎಂದಾದರೆ ನಾಲ್ಕು ದಾಖಲೆ ಹೋದದ್ದು ಆ ಯೋಜನೆಯ ಸ್ವಭಾವ, ಅಪಘಾತವಲ್ಲ. ಮುಂದಿನ ಸಲವೂ ಹೋಗುತ್ತವೆ. ಸಿಂಕ್ರೊನಸ್ ಬೇಕೆಂದರೆ ಪ್ರತಿ ಕಮಿಟ್‌ಗೂ ಸ್ಟ್ಯಾಂಡ್‌ಬೈವರೆಗೆ ಹೋಗಿ ಬರುವ ಹೊತ್ತು ಸೇರುತ್ತದೆ, ಸ್ಟ್ಯಾಂಡ್‌ಬೈ ಒಂದೇ ಇದ್ದು ಅದು ಬಿದ್ದರೆ ಬರಹವೇ ನಿಲ್ಲುತ್ತದೆ. ಹಾಲಿನ ಚೀಟಿಗೆ ಅದು ತಕ್ಕುದೇ ಎಂದು ನನಗೆ ಖಚಿತವಿಲ್ಲ. ಯಂತ್ರ ದಿನದ ಕೊನೆಗೆ ತನ್ನಲ್ಲಿರುವ ಎಲ್ಲ ಚೀಟಿ ಸಂಖ್ಯೆಗಳನ್ನು ಕಳುಹಿಸಿ, ಇಲ್ಲದವನ್ನು ನೀವು ಕೇಳಿ ಪಡೆಯುವಂತೆ ಮಾಡುವುದು ಅಗ್ಗದ ದಾರಿ.

ಕರಾರು_ಓದುವವ

ನಾನು ಅಲ್ಲಿ ಮೇಡಂ ಮಾತಿಗೆ ಒಪ್ಪುವುದಿಲ್ಲ. ‘ಹೆಚ್ಚಿನ ಲಭ್ಯತೆ’ ಎಂದು ಮಾರಿ, ಒಪ್ಪಿದ ಕಮಿಟ್ ಹೋಗಬಹುದೆಂದು ದರಪಟ್ಟಿಯಲ್ಲಿ ಎಲ್ಲೂ ಬರೆಯದಿದ್ದರೆ ಅದು ಯೋಜನೆಯ ಸ್ವಭಾವ ಎಂದು ಗ್ರಾಹಕ ಸುಮ್ಮನಿರಬೇಕಾಗಿಲ್ಲ. ಎಲ್ಲಿ ಬರೆದಿದ್ದೀರಿ ತೋರಿಸಿ ಎಂದು ಕೇಳಿ.

ಶಾಲೆ_ಸರ್ವರ್

ಅಂದ ಹಾಗೆ, ನಮ್ಮ ಮೈಎಸ್‌ಕ್ಯುಎಲ್‌ನಲ್ಲೂ ಸ್ಟ್ಯಾಂಡ್‌ಬೈ ಇದೆ. ಅದು ಸಿಂಕ್ರೊನಸ್ ಹೌದೋ ಅಲ್ಲವೋ ಎಲ್ಲಿ ನೋಡುವುದು?

ಕೃಷ್ಣವೇಣಿ_ಡಿಬಿಎ

ಪ್ರೈಮರಿಯಲ್ಲಿ `SHOW STATUS LIKE 'Rpl_semi_sync%';` ಓಡಿಸಿ. ಏನೂ ಬಾರದಿದ್ದರೆ ಸೆಮಿಸಿಂಕ್ ಪ್ಲಗಿನ್ನೇ ಇಲ್ಲ, ಸಾಮಾನ್ಯ ರೆಪ್ಲಿಕೇಶನ್ ಆಗಿದ್ದರೆ ಅದು ಅಸಿಂಕ್ರೊನಸ್ ಎಂದೇ ತಿಳಿಯಿರಿ. ಹೆಚ್ಚಿನದಕ್ಕೆ ಬೇರೆ ಎಳೆ ತೆರೆಯಿರಿ, ಇದು ಉದ್ದವಾಯಿತು.

ಹಾಲಿನ_ಲೆಕ್ಕ

ನಾಲ್ಕು ಚೀಟಿಗಳನ್ನು ಸಂಘಗಳಿಂದ ತರಿಸಿ ಕೈಯಾರೆ ನಮೂದಿಸಿದ್ದೇವೆ, ಈ ವಾರದ ಬಟವಾಡೆಯಲ್ಲಿ ರೈತರಿಗೆ ಹಣ ಹೋಗುತ್ತದೆ. ಸಂಪರ್ಕದ ಸಾಲಿನಲ್ಲಿ ಮೇಡಂ ಕೊಟ್ಟ ಹೊಂದಿಕೆ ಹಾಕಿ, ಪರೀಕ್ಷಾ ಸರ್ವರಿನಲ್ಲಿ 5432ಕ್ಕೆ ಹೋಗುವ ಪ್ಯಾಕೆಟ್‌ಗಳನ್ನು `iptables`ನಿಂದ ಬೀಳಿಸಿ ನೋಡಿದೆವು. ವರ್ಕರ್‌ಗಳು 20 ಸೆಕೆಂಡಿನ ಆಸುಪಾಸಿನಲ್ಲಿ ಹಳೆಯ ಸಂಪರ್ಕ ಬಿಟ್ಟು ಹೊಸದನ್ನು ಹುಡುಕಲು ಹೊರಟವು. ಕಂಪನಿಗೆ ಮೂರು ಮತ್ತು ನಾಲ್ಕನೆಯ ಪ್ರಶ್ನೆಗಳನ್ನು, ‘ಎಲ್ಲಿ ಬರೆದಿದ್ದೀರಿ’ ಎಂಬುದನ್ನೂ ಸೇರಿಸಿ, ಅದೇ ದೂರಿನ ಸಂಖ್ಯೆಯಲ್ಲಿ ಮತ್ತೆ ಕೇಳಿದ್ದೇನೆ. ಉತ್ತರ ಬಂದರೆ ಇಲ್ಲೇ ಹಾಕುತ್ತೇನೆ.